ಸರಾಸರಿಯ ಗೆರೆ ಯಾಕೆ ತಡವಾಗಿ ಬರುತ್ತದೆ?

2024ರ ಜೂನ್ 4, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ. ಮಧ್ಯಾಹ್ನ ಮೂರೂವರೆಗೆ ಷೇರುಪೇಟೆ ಮುಚ್ಚುವ ಸ್ವಲ್ಪ ಮೊದಲು ನನ್ನ ಭಾಯಿ ತನ್ನಲ್ಲಿದ್ದ ನಿಫ್ಟಿ ಫಂಡಿನ ಯುನಿಟ್‌ಗಳನ್ನೆಲ್ಲ ಮಾರಿದ. ಕೈಗೆ ಬಂದದ್ದು ಸುಮಾರು 40,000 ರೂಪಾಯಿ. ಮರುದಿನ ಪೇಟೆ ಮುಚ್ಚುವ ಹೊತ್ತಿಗೆ ಅಷ್ಟೇ ಯುನಿಟ್‌ಗಳನ್ನು ಮತ್ತೆ ಕೊಂಡ. ಈ ಸಲ ಸುಮಾರು 1,300 ರೂಪಾಯಿ ಹೆಚ್ಚು ಕೊಡಬೇಕಾಯಿತು. ಅಮ್ಮಿ ಕೇಳಿದ್ದು ಒಂದೇ ಮಾತು: "ನಿನ್ನೆ ಮಾರಿದ್ದನ್ನ ಇವತ್ತು ಯಾಕ ತಗೊಂಡಿ?" ಭಾಯಿ ಮೊಬೈಲ್ ತೋರಿಸಿ, "ಗೆರೆ ಹೇಳ್ತು ಅಮ್ಮಿ" ಅಂದ.

ಆ ಗೆರೆ ಐದು ದಿನಗಳ ಚಲಿಸುವ ಸರಾಸರಿ. ಭಾವ ಗೆರೆಗಿಂತ ಮೇಲಿದ್ದರೆ ಕೊಳ್ಳು, ಕೆಳಗಿಳಿದರೆ ಮಾರು ಎಂಬುದು ಅವನು ವಿಡಿಯೋ ನೋಡಿ ಕಲಿತ ನಿಯಮ. ಗೆರೆ ಸುಳ್ಳು ಹೇಳಲಿಲ್ಲ, ಭಾಯಿ ಲೆಕ್ಕವನ್ನೂ ತಪ್ಪಲಿಲ್ಲ. ಹಾಗಿದ್ದರೆ ಹಣ ಹೋದದ್ದು ಎಲ್ಲಿ? ಉತ್ತರ ನಮ್ಮ ಸಂಖ್ಯಾಶಾಸ್ತ್ರದ ಪಾಠದಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಗೆರೆ ಕಟ್ಟುವ ರೀತಿ ನೋಡೋಣ. ಕೊನೆಯ ಐದು ದಿನಗಳ ಮುಕ್ತಾಯದ ಭಾವಗಳನ್ನು ಕೂಡಿಸಿ ಐದರಿಂದ ಭಾಗಿಸಬೇಕು. ಮರುದಿನ ಹೊಸ ಭಾವ ಒಳಗೆ ಬರುತ್ತದೆ, ಎಲ್ಲಕ್ಕಿಂತ ಹಳೆಯದು ಹೊರಗೆ ಹೋಗುತ್ತದೆ. ಹೀಗೆ ಗುಂಪು ದಿನಕ್ಕೊಂದು ಹೆಜ್ಜೆ ಮುಂದೆ ಸರಿಯುವುದರಿಂದ ಅದಕ್ಕೆ ಚಲಿಸುವ ಸರಾಸರಿ ಎಂದು ಹೆಸರು.

ಆ ದಿನಗಳ ನಿಫ್ಟಿಯನ್ನೇ ತೆಗೆದುಕೊಳ್ಳೋಣ. ದಶಮಾಂಶ ಬಿಟ್ಟು ಬರೆದಿದ್ದೇನೆ.

ಮೇ 28: 22,888
ಮೇ 29: 22,705
ಮೇ 30: 22,489
ಮೇ 31: 22,531
ಜೂನ್ 3: 23,264

ಈ ಐದರ ಸರಾಸರಿ 22,775. ಜೂನ್ 4ರಂದು ನಿಫ್ಟಿ 21,885ಕ್ಕೆ ಕುಸಿಯಿತು. ಒಂದೇ ದಿನ 1,379 ಅಂಕ! ಆದರೆ ಗೆರೆ ಇಳಿದದ್ದು ಬರೀ 201 ಅಂಕ. ಯಾಕೆಂದರೆ ಒಳಗೆ ಬಂದ 21,885ಕ್ಕೂ ಹೊರಗೆ ಹೋದ 22,888ಕ್ಕೂ ಇರುವ ವ್ಯತ್ಯಾಸದಲ್ಲಿ ಐದನೇ ಒಂದು ಪಾಲು ಮಾತ್ರ ಗೆರೆಗೆ ಸೇರುತ್ತದೆ. ಗೆರೆ 22,574ರಲ್ಲಿ ನಿಂತಿತು, ಭಾವ ಅದಕ್ಕಿಂತ ಬಹಳ ಕೆಳಗಿತ್ತು. "ಮಾರು" ಎಂಬ ಸೂಚನೆ ಬಂತು, ಆದರೆ ಬಂದದ್ದು ಭಾವ ಬಿದ್ದ ಮೇಲೆ.

ಜೂನ್ 5ರಂದು ನಿಫ್ಟಿ 736 ಅಂಕ ಏರಿ 22,620 ಆಯಿತು. ಗೆರೆ ಏನು ಮಾಡಿತು ಗೊತ್ತೇ? ಇನ್ನೂ 17 ಅಂಕ ಇಳಿಯಿತು! ಕಾರಣ, ಆ ದಿನ ಹೊರಗೆ ಹೋದ ಮೇ 29ರ ಭಾವ 22,705, ಒಳಗೆ ಬಂದದ್ದಕ್ಕಿಂತ ಹೆಚ್ಚಿನದು. ಗೆರೆ ಇಂದಿನ ಭಾವವನ್ನು ನಿನ್ನೆಯ ಭಾವದೊಂದಿಗೆ ಹೋಲಿಸುವುದಿಲ್ಲ, ಐದು ದಿನ ಹಿಂದಿನದರೊಂದಿಗೆ ಹೋಲಿಸುತ್ತದೆ. ಈಗ ಗೆರೆ 22,558ರಲ್ಲಿದ್ದು ಭಾವ ಅದರ ಮೇಲೆ ಬಂದಿತ್ತು. ಭಾಯಿಯ ನಿಯಮದ ಪ್ರಕಾರ "ಕೊಳ್ಳು". ಅಂದರೆ 21,885ಕ್ಕೆ ಮಾರಿ 22,620ಕ್ಕೆ ಕೊಂಡಂತಾಯಿತು.

ಇನ್ನೂ ಎರಡು ದಿನ ಕಳೆದು ಜೂನ್ 7ಕ್ಕೆ ನಿಫ್ಟಿ 23,290 ಮುಟ್ಟಿತು. ಬಿದ್ದದ್ದೆಲ್ಲ ವಾಪಸ್ ಬಂದಿತ್ತು. ಅಂದಿನ ಗೆರೆ 22,776, ಜೂನ್ 3ರಂದು ಇದ್ದ ಜಾಗಕ್ಕಿಂತ ಒಂದು ಅಂಕ ಮಾತ್ರ ಮೇಲೆ. ಏನೂ ಮಾಡದೆ ಕುಳಿತವನಿಗೆ ನಷ್ಟವಿರಲಿಲ್ಲ.

ಈಗ ನಮ್ಮ ಪಠ್ಯಪುಸ್ತಕಕ್ಕೆ ಬರೋಣ. ಕಾಲಶ್ರೇಣಿಯ ಪಾಠದಲ್ಲಿ ಐದು ವರ್ಷಗಳ ಚಲಿಸುವ ಸರಾಸರಿ ತೆಗೆದಾಗ ಉತ್ತರವನ್ನು ಎಲ್ಲಿ ಬರೆಯುತ್ತೇವೆ? ಐದನೇ ವರ್ಷದ ಎದುರು ಅಲ್ಲ, ನಡುವಿನ ಮೂರನೇ ವರ್ಷದ ಎದುರು. ಹೀಗಾಗಿ ಮೊದಲಿನ ಎರಡು ಮತ್ತು ಕೊನೆಯ ಎರಡು ಸಾಲುಗಳನ್ನು ಖಾಲಿ ಬಿಡುತ್ತೇವೆ. ಸರಾಸರಿ ಐದೂ ವರ್ಷಗಳ ಪ್ರತಿನಿಧಿಯಾದ್ದರಿಂದ ನಡುವೆ ಕೂಡುವುದೇ ನ್ಯಾಯ. ಮೊಬೈಲಿನ ಚಾರ್ಟ್ ಹೀಗೆ ಮಾಡುವಂತಿಲ್ಲ. ಇವತ್ತಿನ ಮನೆ ಖಾಲಿ ಬಿಟ್ಟರೆ ವ್ಯಾಪಾರ ಮಾಡುವವನಿಗೆ ತೋರಿಸಲು ಏನೂ ಇರುವುದಿಲ್ಲ, ಮುಂದಿನ ಎರಡು ದಿನಗಳ ಭಾವವಂತೂ ಇನ್ನೂ ಹುಟ್ಟಿಲ್ಲ. ಆದ್ದರಿಂದ ಅದು ನಡುವಿನ ಉತ್ತರವನ್ನು ತಂದು ಕೊನೆಯ ದಿನದ ಎದುರು ಬರೆಯುತ್ತದೆ. ಗೆರೆ ಹಿಂದುಳಿಯುವುದರ ಗುಟ್ಟು ಇಷ್ಟೇ.

ಎಷ್ಟು ಹಿಂದೆ ಎಂಬುದನ್ನೂ ಲೆಕ್ಕ ಹಾಕಬಹುದು. ಭಾವ ದಿನಕ್ಕೆ ಹತ್ತರಂತೆ 100, 110, 120, 130, 140 ಎಂದು ಏರಿತು ಅನ್ನಿ. ಸರಾಸರಿ 120. ಅದು ಎರಡು ದಿನ ಹಿಂದಿನ ಭಾವ. ದಿನಗಳ ಸಂಖ್ಯೆಯಲ್ಲಿ ಒಂದು ಕಳೆದು ಅರ್ಧ ಮಾಡಿದರೆ ಹಿಂದುಳಿಯುವ ದಿನಗಳು ಸಿಗುತ್ತವೆ. ಐದು ದಿನದ ಗೆರೆಗೆ ಎರಡು, 50 ದಿನದ್ದಕ್ಕೆ ಇಪ್ಪತ್ನಾಲ್ಕೂವರೆ, 200 ದಿನದ್ದಕ್ಕೆ ಸುಮಾರು ನೂರು.

"ಹಾಗಾದ್ರ ಘಾತೀಯ ಸರಾಸರಿ ಹಾಕೋಣು" ಅಂದ ಭಾಯಿ. ಇದರಲ್ಲಿ ಹೊಸ ಭಾವಕ್ಕೆ ಹೆಚ್ಚು ತೂಕ. ಐದು ದಿನದ್ದಾದರೆ, ಇಂದಿನ ಭಾವಕ್ಕೂ ನಿನ್ನೆಯ ಗೆರೆಗೂ ಇರುವ ಅಂತರದಲ್ಲಿ ಮೂರನೇ ಒಂದು ಪಾಲನ್ನು ನಿನ್ನೆಯ ಗೆರೆಗೆ ಸೇರಿಸಬೇಕು. ನಾನು 22,775ರಿಂದಲೇ ಶುರು ಮಾಡಿ ಲೆಕ್ಕ ಹಾಕಿದೆ. ಜೂನ್ 4ಕ್ಕೆ 22,478 ಬಂತು, ಜೂನ್ 5ಕ್ಕೆ 22,526. ಇದು ಜೂನ್ 5ರಂದು ಸರಿಯಾಗಿ ಮೇಲೆ ತಿರುಗಿತು, ನಿಜ. ಆದರೆ ಮಾರುವ ದಿನವೂ ಕೊಳ್ಳುವ ದಿನವೂ ಬದಲಾಗಲಿಲ್ಲ, 1,300 ರೂಪಾಯಿಯೂ ಉಳಿಯಲಿಲ್ಲ. ಗೆರೆಯನ್ನು ಚುರುಕು ಮಾಡಿದಷ್ಟೂ ಅದು ಸಣ್ಣ ಅಲುಗಾಟಕ್ಕೂ ಕುಣಿಯುತ್ತದೆ, ಸುಳ್ಳು ಸೂಚನೆಗಳು ಹೆಚ್ಚುತ್ತವೆ. ನಿಧಾನ ಮಾಡಿದಷ್ಟೂ ಸುದ್ದಿ ತಡವಾಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಬೇರೆ ಸೂಚಕಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಎಂಎಸಿಡಿ ಎಂದರೆ 12 ದಿನ ಮತ್ತು 26 ದಿನಗಳ ಘಾತೀಯ ಸರಾಸರಿಗಳ ವ್ಯತ್ಯಾಸ. ಅದರ ಸೂಚನೆಯ ಗೆರೆ ಆ ವ್ಯತ್ಯಾಸದ 9 ದಿನಗಳ ಸರಾಸರಿ. ಆರ್‌ಎಸ್‌ಐ ಸಾಮಾನ್ಯವಾಗಿ 14 ದಿನಗಳ ಏರಿಕೆಯ ಸರಾಸರಿಯನ್ನು ಇಳಿಕೆಯ ಸರಾಸರಿಯೊಂದಿಗೆ ತೂಗುತ್ತದೆ. ಹೆಸರು ಮೂರಾದರೂ ಒಳಗಿನ ಸರಕು ಒಂದೇ, ಆಗಿಹೋದ ಭಾವ. ಇವುಗಳಲ್ಲಿ ಮೂರೂ "ಹೌದು" ಅಂದರೆ ಮೂರು ಸಾಕ್ಷಿ ಸಿಕ್ಕವು ಎಂದು ನಂಬುವುದು ತಪ್ಪು. ಒಬ್ಬನೇ ಸಾಕ್ಷಿ ಮೂರು ಅಂಗಿ ಬದಲಿಸಿ ಬಂದಿದ್ದಾನೆ.

ಗೆರೆ ನಿರುಪಯೋಗಿ ಎಂದು ನಾನು ಹೇಳುತ್ತಿಲ್ಲ. ದಿನದಿನದ ಏರಿಳಿತ ಒರೆಸಿ ಇಷ್ಟು ದಿನ ಪೇಟೆ ಯಾವ ಕಡೆ ನಡೆದಿದೆ ಎಂದು ತೋರಿಸುವುದು ಅದರ ಕೆಲಸ, ಅದನ್ನು ಚೆನ್ನಾಗಿ ಮಾಡುತ್ತದೆ. ಪೇಟೆ ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ಹೋದಾಗ ತಡವಾಗಿ ಬಂದ ಸೂಚನೆಗೂ ಬೆಲೆ ಇರುತ್ತದೆ. ಒಂದು ದಿನ ಬಿದ್ದು ಮರುದಿನ ಎದ್ದಾಗ ಮಾತ್ರ ಅದು ಎರಡೂ ಕಡೆ ಹಣ ಕಳೆಸುತ್ತದೆ. ನನ್ನ ತಕರಾರು ಇರುವುದು ಇದನ್ನೇ ಭವಿಷ್ಯವೆಂದು ಮಾರುವವರ ಮೇಲೆ.

ಕೃಷ್ಣೆಯ ನೆರೆ ಇಳಿದ ಮೇಲೆ ನಮ್ಮ ತಂಗಡಗಿಯ ದಂಡೆಯಲ್ಲಿ ಕೆಸರಿನ ಗುರುತು ಉಳಿಯುತ್ತದೆ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅದು ಹೇಳುತ್ತದೆ. ನಾಳೆ ನೀರು ಬರುತ್ತದೋ ಇಲ್ಲವೋ ತಿಳಿಯಬೇಕಾದರೆ ಯಾರೂ ಆ ಗುರುತು ನೋಡುವುದಿಲ್ಲ, ಆಲಮಟ್ಟಿಯಿಂದ ಎಷ್ಟು ನೀರು ಬಿಟ್ಟಿದ್ದಾರೆ ಎಂದು ಕೇಳುತ್ತಾರೆ.

ಗೆಳೆಯರೇ, ನಮ್ಮಲ್ಲಿ ಹಲವರಿಗೆ ಮುಂದಿನ ವರ್ಷ ಹದಿನೆಂಟು ತುಂಬುತ್ತದೆ, ನಮ್ಮ ಹೆಸರಿನಲ್ಲೇ ಖಾತೆ ತೆರೆಯಬಹುದು. ಅದಕ್ಕೂ ಮೊದಲು ಯಾವುದಾದರೂ ಹತ್ತು ದಿನಗಳ ಭಾವ ತೆಗೆದುಕೊಂಡು ಕಾಗದದ ಮೇಲೆ ಒಮ್ಮೆ ಈ ಗೆರೆ ಕಟ್ಟಿ ನೋಡಿ. ಒಂದು ಸಲ ಪುಸ್ತಕದಂತೆ ನಡುವೆ ಬರೆಯಿರಿ, ಇನ್ನೊಂದು ಸಲ ಮೊಬೈಲಿನಂತೆ ಕೊನೆಗೆ ಬರೆಯಿರಿ. ಭಾಯಿಗೆ ನಾನು ತೋರಿಸಿದ್ದು ಅದೇ ಕಾಗದ. ಅವನು ಬಹಳ ಹೊತ್ತು ನೋಡಿ, ಕೊನೆಯ ಎರಡು ಖಾಲಿ ಸಾಲುಗಳ ಮೇಲೆ ಬೆರಳಿಟ್ಟು, "ನಾ ರೊಕ್ಕ ಹಾಕಿದ್ದು ಇಲ್ಲೇ" ಅಂದ.