ಐದು ಪತ್ರಿಕೆ, ಒಂದೇ ಬಾಯಿ

ಯಾವುದಾದರೊಂದು ಕಂಪನಿಯನ್ನು ಕುರಿತು ಲೇಖನ ಸಿದ್ಧಪಡಿಸುವ ಮಿತ್ರರನ್ನು "ಈ ಅಂಕಿ ಎಲ್ಲಿಂದ ಬಂತು?" ಎಂದು ಕೇಳಿದರೆ, "ಐದು ಪತ್ರಿಕೆಗಳಲ್ಲಿ ಬಂದಿದೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಒಂದೇ ಬಾವಿಯಿಂದ ಐವರು ನೀರು ಸೇದಿದರೆ ಬಾವಿ ಐದಾಗುವುದಿಲ್ಲ. ಪತ್ರಿಕೆಗಳು ಎಷ್ಟು ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಆ ಮಾತು ಮೊದಲು ಯಾರ ಬಾಯಿಂದ ಹೊರಟಿತು ಎಂಬುದು ಪ್ರಶ್ನೆ.

ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಪ್ರಕರಣ ಈಗ ಹಳೆಯದಾಯಿತು. ಆದರೂ ಇದಕ್ಕಿಂತ ಸ್ಪಷ್ಟವಾದ ಪಾಠ ನಮಗೆ ಸಿಕ್ಕಿಲ್ಲ. 2008ರ ಸೆಪ್ಟೆಂಬರಿನಲ್ಲಿ ಅದಕ್ಕೆ ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತು. ಅದೇ ಸೆಪ್ಟೆಂಬರಿಗೆ ಮುಗಿದ ತ್ರೈಮಾಸಿಕದ ಫಲಿತಾಂಶವೂ ಸೊಗಸಾಗಿಯೇ ಇತ್ತು: ಸುಮಾರು 2,700 ಕೋಟಿ ರೂಪಾಯಿ ಆದಾಯ, ಅದರಲ್ಲಿ 649 ಕೋಟಿ ನಿರ್ವಹಣಾ ಲಾಭ, ಎಂದರೆ ನೂರಕ್ಕೆ ಇಪ್ಪತ್ನಾಲ್ಕು. ಅಂದು ಲೇಖನ ಬರೆಯಹೊರಟವನಿಗೆ ಸಾಕ್ಷ್ಯದ ಕೊರತೆ ಎಲ್ಲಿತ್ತು? ಮೂರೇ ತಿಂಗಳ ನಂತರ, 2009ರ ಜನವರಿ 7ರಂದು, ಅಧ್ಯಕ್ಷ ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಬರೆದ ಪತ್ರದಲ್ಲಿ ಆ ತ್ರೈಮಾಸಿಕದ ನಿಜವಾದ ಆದಾಯ 2,112 ಕೋಟಿ, ಲಾಭ ಬರಿಯ 61 ಕೋಟಿ ಎಂದು ಒಪ್ಪಿಕೊಂಡರು. ಲೆಕ್ಕಪುಸ್ತಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಠೇವಣಿಯಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲವೆಂದೂ ಅದೇ ಪತ್ರ ಹೇಳಿತು.

ಪತ್ರಿಕೆಗಳು ಸುಳ್ಳು ಹೇಳಿದವೆಂದು ನಾವು ದೂರುತ್ತಿಲ್ಲ. "ಕಂಪನಿ ಹೀಗೆ ಪ್ರಕಟಿಸಿದೆ" ಎಂಬ ವರದಿ ಆ ಮಟ್ಟಿಗೆ ಸತ್ಯವೇ. ಕಂಪನಿ ಹಾಗೆ ಪ್ರಕಟಿಸಿದ್ದು ನಿಜ. ತಪ್ಪಾಗುವುದು ಮುಂದಿನ ಹಂತದಲ್ಲಿ. ಓದುಗ "ಪ್ರಕಟಿಸಿದೆ" ಎಂಬುದನ್ನು ಬಿಟ್ಟು "649 ಕೋಟಿ" ಎಂಬುದನ್ನು ಮಾತ್ರ ಟಿಪ್ಪಣಿಗೆ ಇಳಿಸಿಕೊಳ್ಳುತ್ತಾನೆ, ಕೆಳಗೆ ಪತ್ರಿಕೆಯ ಹೆಸರು ಬರೆಯುತ್ತಾನೆ. ಕಂಪನಿಯ ಮಾತು ಆ ಕ್ಷಣದಲ್ಲಿ ಪತ್ರಿಕೆಯ ಮಾತಾಗಿಬಿಡುತ್ತದೆ.

ಅದೇ ಶರತ್ಕಾಲದಲ್ಲಿ ಇನ್ನೊಂದು ಬಗೆಯ ಸುದ್ದಿಯೂ ಬಂದಿತ್ತು. ವಿಶ್ವಬ್ಯಾಂಕು ಸತ್ಯಂ ಕಂಪನಿಯನ್ನು ತನ್ನ ಕೆಲಸಗಳಿಂದ ಹೊರಗಿಟ್ಟಿದೆಯೆಂದು ಅಮೆರಿಕದ ಫಾಕ್ಸ್ ನ್ಯೂಸ್ ಅಕ್ಟೋಬರಿನಲ್ಲಿ ವರದಿ ಮಾಡಿತು. ಡಿಸೆಂಬರಿನಲ್ಲಿ ವಿಶ್ವಬ್ಯಾಂಕು ಎಂಟು ವರ್ಷಗಳ ನಿಷೇಧವನ್ನು ದೃಢಪಡಿಸಿತು. ತನ್ನ ನೌಕರರಿಗೆ ಕಂಪನಿ ಅನುಚಿತ ಅನುಕೂಲ ಮಾಡಿಕೊಟ್ಟಿತೆಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಸತ್ಯಂ ಸುಮ್ಮನಿರಲಿಲ್ಲ, ವಿಶ್ವಬ್ಯಾಂಕಿನಿಂದ ಕ್ಷಮಾಪಣೆಯನ್ನೇ ಕೇಳಿತು. ಇಲ್ಲಿ ಎರಡು ಬಾಯಿಗಳಿವೆ, ಎರಡೂ ಪರಸ್ಪರ ವಿರುದ್ಧ. ಸುದ್ದಿ ಹೊರಟದ್ದು ಕಂಪನಿಯ ಕಚೇರಿಯಿಂದಲ್ಲ. ಅದು ಹೊರಬರದಿದ್ದರೇ ಕಂಪನಿಗೆ ಸಂತೋಷವಾಗುತ್ತಿತ್ತು. ಸ್ವತಂತ್ರ ವರದಿ ಎಂದು ನಾವು ಕರೆಯುವುದು ಇಂಥದನ್ನು. ಫಲಿತಾಂಶದ ಹತ್ತು ಸುದ್ದಿಗಳನ್ನೆಲ್ಲ ಸೇರಿಸಿ ಒಂದು ಎಂದು ಎಣಿಸಬೇಕು, ಇದೊಂದನ್ನು ಇನ್ನೊಂದು ಎಂದು ಎಣಿಸಬೇಕು. ಹಾಗೆ ಎಣಿಸಿದ್ದರೆ ಅಂದಿನ ಟಿಪ್ಪಣಿಪುಸ್ತಕದಲ್ಲಿ ಒಂದಕ್ಕೆ ಎದುರಾಗಿ ಒಂದು ನಿಲ್ಲುತ್ತಿತ್ತು. ಹತ್ತರ ಎದುರು ಒಂದು ಮಂಕಾಗುತ್ತಿರಲಿಲ್ಲ.

ಇವೆರಡನ್ನು ಬೇರ್ಪಡಿಸುವುದು ಹೇಗೆ? ಸರಕಾರಿ ಕಚೇರಿಯಲ್ಲಿ ಎರಡು ದಶಕ ಪ್ರಕಟಣೆಗಳನ್ನು ಓದುತ್ತ ಬಂದ ನಮಗೆ ಅವುಗಳ ಮೈಕಟ್ಟು ಚೆನ್ನಾಗಿ ಪರಿಚಯ. ಮೊದಲ ಪ್ಯಾರಾದಲ್ಲಿ ಸಾಧನೆ. ಎರಡು ಮೂರು ಪ್ಯಾರಾಗಳ ಬಳಿಕ ಯಾವ ಮನುಷ್ಯನೂ ಬಾಯಿಬಿಟ್ಟು ಆಡಲಾರದಂಥ ಒಂದು ಹೇಳಿಕೆ, ಹಿರಿಯ ಅಧಿಕಾರಿಯ ಹೆಸರಿನಲ್ಲಿ. ಕೊನೆಗೆ ಸಂಸ್ಥೆಯ ಪರಿಚಯ. ಕಂಪನಿಯ ಪ್ರಕಟಣೆಯದೂ ಇದೇ ಅಸ್ಥಿಪಂಜರ. ಸುದ್ದಿಯ ಕೊನೆಯಲ್ಲಿ "ಕಂಪನಿಯ ಬಗ್ಗೆ" ಎಂಬ ಪ್ಯಾರಾ ಉಳಿದುಕೊಂಡಿದ್ದರೆ ಮತ್ತೇನನ್ನೂ ನೋಡಬೇಕಾಗಿಲ್ಲ. ಪಿಟಿಐ, ಎಎನ್‌ಐ ಸುದ್ದಿಸಂಸ್ಥೆಗಳು ಹಂಚುವ ಇಂಥ ಪ್ರಕಟಣೆಗಳ ಅಡಿಯಲ್ಲಿ, ಇದರ ಹೊಣೆ ಸಂಪಾದಕೀಯ ವಿಭಾಗದ್ದಲ್ಲ ಎಂಬ ಅರ್ಥದ ಒಂದು ಸಾಲು ಸಣ್ಣಕ್ಷರದಲ್ಲಿರುತ್ತದೆ. ಸಂಸ್ಥೆಯೇ ಕೈತೊಳೆದುಕೊಂಡ ಮಾತನ್ನು ನಾವು ಆ ಸಂಸ್ಥೆಯ ಹೆಸರಿನಲ್ಲಿ ಉದ್ಧರಿಸುವುದು ವಿಚಿತ್ರವಲ್ಲವೇ?

ಆ ಸಾಲು ಕಾಣದಿದ್ದರೆ ಇನ್ನೊಂದು ದಾರಿಯಿದೆ. ಸುದ್ದಿಯ ನಡುವಿನಿಂದ ಎಂಟು ಹತ್ತು ಪದಗಳ ಒಂದು ಸಾಲನ್ನು, ಸ್ವಲ್ಪ ವಿಲಕ್ಷಣವಾಗಿರುವುದನ್ನೇ, ಆರಿಸಿ, ಉದ್ಧರಣ ಚಿಹ್ನೆಯೊಳಗಿಟ್ಟು ಅಂತರಜಾಲದಲ್ಲಿ ಹುಡುಕಬೇಕು. ಅದೇ ಸಾಲು ಅದೇ ದಿನಾಂಕದಲ್ಲಿ ನಾಲ್ಕು ಕಡೆ ಸಿಕ್ಕರೆ, ಒಂದೋ ಅದು ಸುದ್ದಿಸಂಸ್ಥೆಯೊಂದರ ವರದಿ, ಇಲ್ಲವೇ ಕಂಪನಿಯ ಪ್ರಕಟಣೆ. ಎರಡರಲ್ಲಿ ಯಾವುದೆಂದು ತಿಳಿಯಲು ಕಂಪನಿಯ ಜಾಲತಾಣದ ಪ್ರಕಟಣೆಗಳ ಪುಟವನ್ನೂ, ಷೇರುಪೇಟೆಯಲ್ಲಿ ನೋಂದಾಯಿತವಾಗಿದ್ದರೆ ಬಿಎಸ್‌ಇ ತಾಣದಲ್ಲಿ ಅದು ಸಲ್ಲಿಸಿದ ಕಾಗದಗಳನ್ನೂ ನೋಡಿದರಾಯಿತು.

ವರದಿಗಾರನ ಹೆಸರಿದ್ದ ಮಾತ್ರಕ್ಕೆ ವರದಿ ಸ್ವತಂತ್ರವಾಗುವುದಿಲ್ಲ. ಮುಖ್ಯಸ್ಥರ ಸಂದರ್ಶನವೂ ಕಂಪನಿಯ ಮಾತೇ, ಪ್ರಶ್ನೆಚಿಹ್ನೆ ಹಾಕಿದ ಪ್ರಕಟಣೆ ಅಷ್ಟೆ. ನಾವು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ವರದಿಯಲ್ಲಿ ಕಂಪನಿ ತಾನಾಗಿ ಕೊಡದ ಸಂಗತಿ ಯಾವುದಾದರೂ ಇದೆಯೇ? ವರದಿಗಾರ ನ್ಯಾಯಾಲಯದ ದಾಖಲೆ ತೆಗೆಸಿದನೇ, ಬಾಕಿ ಬರಬೇಕಾದ ಪೂರೈಕೆದಾರನನ್ನು ಕಂಡನೇ, ಕೆಲಸ ಬಿಟ್ಟವರನ್ನು ಮಾತನಾಡಿಸಿದನೇ? "ಕಂಪನಿ ಪ್ರತಿಕ್ರಿಯಿಸಲಿಲ್ಲ" ಎಂಬ ಒಣ ವಾಕ್ಯ ನಮಗೆ ಬಹಳ ಪ್ರಿಯ. ಯಾರೋ ಏನನ್ನೋ ಕೇಳಿದ್ದರೆಂಬುದಕ್ಕೆ ಅದು ಗುರುತು.

ಜಾಹೀರಾತಿಗೆ ಬದಲಾಗಿ ಪತ್ರಿಕೆಗಳು ಕಂಪನಿಯ ಷೇರನ್ನೇ ಪಡೆಯುವ ಒಪ್ಪಂದಗಳ ಕಥೆ ಬೇರೆಯೇ ಒಂದು ಲೇಖನಕ್ಕಾಗುತ್ತದೆ. ಅಂಥ ಪಾಲನ್ನು ಸುದ್ದಿಯ ಜೊತೆಗೇ ತಿಳಿಸಬೇಕೆಂದು ಸೆಬಿ 2010ರಲ್ಲಿ ಹೇಳಬೇಕಾಯಿತು ಎಂದಷ್ಟೇ ಇಲ್ಲಿ ನೆನೆಯೋಣ.

ಕನ್ನಡದ ಮಟ್ಟಿಗೆ ನಮ್ಮ ದೂರು ಇನ್ನೂ ಒಂದು ಹೆಜ್ಜೆ ಮುಂದಿನದು. ಇಂಗ್ಲಿಷ್ ಪ್ರಕಟಣೆ ಕನ್ನಡಕ್ಕೆ ಬರುವಾಗ ಮೊದಲು ಉದುರುವುದು ಆ ಅಡಿಯ ಸಾಲು, ಆಮೇಲೆ "ಎಂದು ಕಂಪನಿ ಹೇಳಿಕೆಯಲ್ಲಿ ತಿಳಿಸಿದೆ" ಎಂಬ ಬಾಲ. ಉಳಿಯುವುದು ನಿಶ್ಚಿತ ಕ್ರಿಯಾಪದ: "ದೇಶದಲ್ಲೇ ಮೊದಲನೆಯದಾಗಿದೆ". ಕೇಳಿದ ಮಾತನ್ನು ಕಂಡ ಮಾತಿನಿಂದ ಬೇರ್ಪಡಿಸಲು ನಮ್ಮ ಭಾಷೆಯಲ್ಲಿ "ಅಂತೆ" ಎಂಬ ಎರಡಕ್ಷರವೇ ಇದೆ. "ಅವರ ಮನೆಯಲ್ಲಿ ಮದುವೆಯಂತೆ" ಎನ್ನುವ ಅಜ್ಜಿ ತಾನು ಲಗ್ನಪತ್ರಿಕೆ ನೋಡಿಲ್ಲವೆಂಬುದನ್ನೂ ಅದರಲ್ಲೇ ಹೇಳಿಬಿಡುತ್ತಾಳೆ. ಶಿಷ್ಟ ಬರವಣಿಗೆಗೆ ಅದು ಹಗುರವೆಂದು ಕೈಬಿಟ್ಟ ನಾವು, ಅದರ ಜಾಗದಲ್ಲಿ ಏನನ್ನೂ ಇಡಲಿಲ್ಲ.

ಕಂಪನಿಯ ಪ್ರಕಟಣೆಯನ್ನು ಮುಟ್ಟಲೇಬಾರದೆಂದು ಇದರ ಅರ್ಥವಲ್ಲ. ಕಚೇರಿಯ ವಿಳಾಸ, ಹೊಸ ನಿರ್ದೇಶಕರ ಹೆಸರು, ಹೊಸ ಶಾಖೆ ತೆರೆದ ದಿನ, ಇವುಗಳಿಗೆ ಅದಕ್ಕಿಂತ ಒಳ್ಳೆಯ ಆಧಾರವಿಲ್ಲ. ಗಾತ್ರ, ಲಾಭ, "ಮೊದಲನೆಯದು", "ಅತಿ ದೊಡ್ಡದು" ಎಂಬಲ್ಲಿಗೆ ಬಂದಾಗ "ಕಂಪನಿಯ ಹೇಳಿಕೆಯಂತೆ" ಎಂದು ಬರೆದೇ ಮುಂದಕ್ಕೆ ಹೋಗಬೇಕು. ಸ್ವತಂತ್ರ ವರದಿಯೆಂದರೆ ಸತ್ಯದ ಮುದ್ರೆಯೂ ಅಲ್ಲ. ಸತ್ಯಂನ ಲೆಕ್ಕಕ್ಕೆ ಪ್ರೈಸ್ ವಾಟರ್‌ಹೌಸ್ ಲೆಕ್ಕಪರಿಶೋಧಕರೇ ಸಹಿ ಹಾಕಿದ್ದರು. ಬ್ಯಾಂಕಿನ ತಿಜೋರಿಯೊಳಗೆ ಇಣುಕಲು ಯಾವ ವರದಿಗಾರನಿಂದಲೂ ಆಗುತ್ತಿರಲಿಲ್ಲ. ಕೊನೆಗೆ ಗುಟ್ಟು ಒಡೆದ ರಾಜು ಅವರ ಪತ್ರವೂ ಕಂಪನಿಯೊಳಗಿನಿಂದಲೇ ಬಂದ ಕಾಗದ. ಆದರೆ ಅದು ಬರೆದವನನ್ನೇ ಸೆರೆಮನೆಗೆ ಕಳಿಸಬಲ್ಲ ಕಾಗದವಾಗಿತ್ತು. ಯಾರು ಹೇಳಿದರು ಎಂಬುದರ ಪಕ್ಕದಲ್ಲಿ, ಹೇಳಿದ್ದರಿಂದ ಅವರಿಗೆ ಲಾಭವೋ ನಷ್ಟವೋ ಎಂಬುದನ್ನೂ ನಾವು ಟಿಪ್ಪಣಿಯ ಅಂಚಿನಲ್ಲಿ ಬರೆದಿಟ್ಟುಕೊಳ್ಳುವುದು ಈ ಕಾರಣಕ್ಕೆ.