ಒಂದು ಪರದೆಯೋ, ಹದಿನೈದು ಪರದೆಯೋ?

ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರು ಸಿದ್ಧಪಡಿಸಿದ ಪ್ರಸ್ತಾವನೆಯೊಂದು ಇತ್ತೀಚೆಗೆ ನನ್ನ ಅಭಿಪ್ರಾಯಕ್ಕಾಗಿ ಬಂದಿತು. ಹಳೆಯ ವಿದ್ಯಾರ್ಥಿಗಳು 2 ಲಕ್ಷ ರೂಪಾಯಿ ನೀಡಲು ಮುಂದಾಗಿದ್ದಾರೆ. ಆ ಹಣದಲ್ಲಿ ಒಂದು ಕೊಠಡಿಗೆ ಪ್ರೊಜೆಕ್ಟರ್ ಅಳವಡಿಸಿ ‘ಸ್ಮಾರ್ಟ್ ಕ್ಲಾಸ್’ ಮಾಡಬೇಕೆ, ಇಲ್ಲವೇ ಮಕ್ಕಳು ಹಂಚಿಕೊಂಡು ಬಳಸುವ 15 ಟ್ಯಾಬ್ಲೆಟ್‌ಗಳನ್ನು ಕೊಳ್ಳಬೇಕೆ ಎಂಬುದು ಪ್ರಶ್ನೆ. ಪ್ರಸ್ತಾವನೆಯ ಒಲವು ಪ್ರೊಜೆಕ್ಟರ್ ಕಡೆಗಿತ್ತು. ಅದರಿಂದ ಎಲ್ಲ ಮಕ್ಕಳಿಗೂ ಪ್ರಯೋಜನವಾಗುತ್ತದೆ, ಟ್ಯಾಬ್ಲೆಟ್ ಕೆಲವರಿಗಷ್ಟೇ ದಕ್ಕುತ್ತದೆ ಎಂಬುದು ಅದಕ್ಕೆ ನೀಡಿದ ಕಾರಣ.

ಈ ಕಾರಣವನ್ನು ಲೆಕ್ಕಹಾಕಿ ನೋಡಬೇಕು. ಶಾಲೆಯಲ್ಲಿರುವುದು 180 ಮಕ್ಕಳು, ತಲಾ 30ರಂತೆ ಆರು ವಿಭಾಗಗಳು, ವಾರಕ್ಕೆ 45 ಪೀರಿಯಡ್‌ಗಳು. ಪ್ರೊಜೆಕ್ಟರ್ ಇರುವ ಒಂದೇ ಕೊಠಡಿಯನ್ನು ಆರು ವಿಭಾಗಗಳೂ ಹಂಚಿಕೊಂಡರೆ ಪ್ರತಿ ವಿಭಾಗಕ್ಕೆ ಹೆಚ್ಚೆಂದರೆ ಏಳು ಪೀರಿಯಡ್ ಸಿಗುತ್ತದೆ. 15 ಟ್ಯಾಬ್ಲೆಟ್‌ಗಳನ್ನು ಇಬ್ಬರಿಗೊಂದರಂತೆ ಕೊಟ್ಟರೆ ಒಂದು ಬಾರಿಗೆ ಒಂದು ವಿಭಾಗಕ್ಕೆ ಸಾಕಾಗುತ್ತದೆ. ಆಗಲೂ ಸಿಗುವುದು ಅಷ್ಟೇ ಏಳು ಪೀರಿಯಡ್. ಅವರ ಅಂದಾಜಿನಂತೆ ಎರಡರ ವೆಚ್ಚವೂ ಹೆಚ್ಚುಕಡಿಮೆ 1.8 ಲಕ್ಷ. ಹಾಗಾದರೆ ವ್ಯತ್ಯಾಸವಿರುವುದು ಬೇರೆ ಕಡೆ: ಆ ನಲವತ್ತು ನಿಮಿಷಗಳಲ್ಲಿ ಮಗು ಏನು ಮಾಡುತ್ತದೆ?

ಹೃದಯದ ರಚನೆಯನ್ನೋ ಜ್ವಾಲಾಮುಖಿಯನ್ನೋ ತೋರಿಸುವುದಾದರೆ ಒಂದು ದೊಡ್ಡ ಪರದೆ, ಅದರ ಪಕ್ಕದಲ್ಲಿ ನಿಂತು ವಿವರಿಸುವ ಶಿಕ್ಷಕರು, ಇಷ್ಟು ಸಾಕು. ಅದೇ ವಿಡಿಯೊವನ್ನು 15 ಸಣ್ಣ ಪರದೆಗಳಲ್ಲಿ ತೋರಿಸುವುದು ದುಂದುವೆಚ್ಚ. ಆದರೆ ಈ ಶಾಲೆಯ ನಿಜವಾದ ಕಷ್ಟ ಬೇರೆ. ಎಂಟನೆಯ ತರಗತಿಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಭಾಗಾಕಾರ ಬಾರದು ಎಂದು ಪ್ರಸ್ತಾವನೆಯ ಮೊದಲ ಪುಟದಲ್ಲಿಯೇ ಇದೆ. ಭಾಗಾಕಾರ ನೋಡಿ ಕಲಿಯುವ ವಿದ್ಯೆಯಲ್ಲ. ಮಗು ತಾನೇ ಲೆಕ್ಕ ಮಾಡಬೇಕು, ತಪ್ಪಿದ್ದು ಆ ಕ್ಷಣವೇ ತಿಳಿಯಬೇಕು, ಒಬ್ಬೊಬ್ಬರ ಮಟ್ಟಕ್ಕೆ ತಕ್ಕ ಮುಂದಿನ ಲೆಕ್ಕ ಬರಬೇಕು. ಅದು ಟ್ಯಾಬ್ಲೆಟ್ ಮಾಡಬಲ್ಲ ಕೆಲಸ.

ಇದಕ್ಕೆ ನಮ್ಮ ದೇಶದಲ್ಲಿಯೇ ಆಧಾರವಿದೆ. ವಡೋದರದ ಪಾಲಿಕೆ ಶಾಲೆಗಳಿಗೆ ಗುಜರಾತ್ ಸರ್ಕಾರ ತಲಾ ನಾಲ್ಕು ಕಂಪ್ಯೂಟರ್ ನೀಡಿತ್ತು. ಹೆಚ್ಚಿನವು ಬಳಕೆಯಿಲ್ಲದೆ ಉಳಿದಿದ್ದವು. ನಂತರ ‘ಪ್ರಥಮ್’ ಸಂಸ್ಥೆ ನಾಲ್ಕನೆಯ ತರಗತಿಯ ಮಕ್ಕಳನ್ನು ಇಬ್ಬಿಬ್ಬರಂತೆ ಕೂರಿಸಿ ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನು ಆಡಿಸಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡನೆಯ ವರ್ಷದ ಕೊನೆಗೆ ಗಣಿತದಲ್ಲಿ ಆದ ಪ್ರಗತಿ ಗಣನೀಯ: ನೂರು ಮಕ್ಕಳ ಸಾಲಿನ ನಡುವೆ ನಿಂತ ಮಗು ಸುಮಾರು 18 ಸ್ಥಾನ ಮುಂದೆ ಸರಿದಷ್ಟು. ಆದರೆ ಕಾರ್ಯಕ್ರಮ ನಿಂತು ಒಂದು ವರ್ಷವಾಗುವಷ್ಟರಲ್ಲಿ ಆ ಲಾಭದ ಬಹುಪಾಲು ಕರಗಿತ್ತು.

ಗುಜರಾತಿನಲ್ಲಿಯೇ ಜ್ಞಾನಶಾಲಾ ತರಗತಿಗಳಲ್ಲಿ ಲೀ ಲಿಂಡನ್ ನಡೆಸಿದ ಇನ್ನೊಂದು ಅಧ್ಯಯನ ಎಚ್ಚರಿಕೆಯ ಮಾತು ಹೇಳುತ್ತದೆ. ಶಿಕ್ಷಕರ ಪಾಠದ ಸಮಯವನ್ನು ಕಿತ್ತುಕೊಂಡು ಕಂಪ್ಯೂಟರಿಗೆ ಕೊಟ್ಟಾಗ ಮಕ್ಕಳ ಕಲಿಕೆ ಕುಗ್ಗಿತು. ಶಾಲಾ ಅವಧಿಯ ಹೊರಗೆ ಹೆಚ್ಚುವರಿಯಾಗಿ ಬಳಸಿದಾಗ ಸುಧಾರಿಸಿತು. ಹೀಗಾಗಿ ಪ್ರಸ್ತಾವನೆಯಲ್ಲಿ ಯಂತ್ರದ ದರಪಟ್ಟಿಗಿಂತ ಮೊದಲು ಇರಬೇಕಾದದ್ದು ವೇಳಾಪಟ್ಟಿ. ಬೆಳಗಿನ ಪ್ರಾರ್ಥನೆಗೆ ಮುಂಚೆಯೋ ಸಂಜೆಯೋ ಯಾವ ಶಿಕ್ಷಕರು, ಯಾವ ದಿನ, ಯಾವ ವಿಭಾಗದೊಂದಿಗೆ ಕೂರುತ್ತಾರೆ ಎಂಬುದನ್ನು ಅದು ಹೇಳಬೇಕು. ಅಂತರ್ಜಾಲವಿಲ್ಲದೆಯೂ ನಡೆಯುವ ಕನ್ನಡದ ಅಭ್ಯಾಸ ಪಾಠಗಳನ್ನು ಖರೀದಿಗೆ ಮುಂಚೆ ಒಂದೆರಡು ಮೊಬೈಲುಗಳಲ್ಲಿ ಮಕ್ಕಳಿಂದಲೇ ಪರೀಕ್ಷಿಸಬೇಕು.

ನಿರ್ವಹಣೆಯನ್ನೂ ಮರೆಯುವಂತಿಲ್ಲ. ಪ್ರೊಜೆಕ್ಟರ್ ಕೆಟ್ಟರೆ ಇಡೀ ಕೊಠಡಿ ಮೂಕವಾಗುತ್ತದೆ. ಪಾಠದ ನಡುವೆ ವಿದ್ಯುತ್ ಹೋದರೂ ಅದೇ ಗತಿ. ಚಾರ್ಜ್ ಮಾಡಿಟ್ಟ ಟ್ಯಾಬ್ಲೆಟ್‌ಗಳು ಆಗಲೂ ನಡೆಯುತ್ತವೆ. ಮೂರು ಕೆಟ್ಟರೆ ಹನ್ನೆರಡು ಉಳಿಯುತ್ತವೆ. ಆದರೆ ಅವುಗಳ ಆಯುಷ್ಯ ನಾಲ್ಕು ವರ್ಷವೆಂದುಕೊಂಡರೂ ವರ್ಷಕ್ಕೆ 45 ಸಾವಿರ, ಅಂದರೆ ಮಗುವೊಂದಕ್ಕೆ 250 ರೂಪಾಯಿ ಸವೆಯುತ್ತದೆ. ಉಳಿಯುವ 20 ಸಾವಿರವನ್ನು ದುರಸ್ತಿಗೆ ಮೀಸಲಿಟ್ಟರೂ ಐದನೆಯ ವರ್ಷದ ಹಣ ಎಲ್ಲಿಂದ ಬರುತ್ತದೆಂದು ದಾನಿಗಳೊಡನೆ ಈಗಲೇ ಮಾತನಾಡಬೇಕು.

ಆಡಳಿತದಲ್ಲಿದ್ದವರಿಗೆ ಗೊತ್ತಿರುವ ಇನ್ನೊಂದು ಅಪಾಯವಿದೆ. ದಾಸ್ತಾನು ವಹಿಯಲ್ಲಿ ನಮೂದಾದ ವಸ್ತು ಒಡೆದರೆ ತಮ್ಮ ಸಂಬಳದಿಂದ ವಸೂಲಾದೀತೆಂಬ ಭಯಕ್ಕೆ ಅದನ್ನು ಬೀರುವಿನಲ್ಲಿ ಬೀಗ ಹಾಕಿಡುತ್ತಾರೆ. ಸಹಜ ಬಳಕೆಯಲ್ಲಿ ಆದ ಹಾನಿಗೆ ಶಿಕ್ಷಕರು ಹೊಣೆಯಲ್ಲ ಎಂದು ಶಾಲಾ ಸಮಿತಿ ಮೊದಲೇ ಠರಾವು ಮಾಡಿ, ಮೇಲಧಿಕಾರಿಗಳ ಒಪ್ಪಿಗೆ ಪಡೆಯುವುದು ಒಳಿತು.

ನನ್ನ ಅಭಿಪ್ರಾಯವಿಷ್ಟು: ಹೆಚ್ಚುವರಿ ಅವಧಿಗೆ ಶಿಕ್ಷಕರು ಲಿಖಿತವಾಗಿ ಒಪ್ಪಿದರೆ ಟ್ಯಾಬ್ಲೆಟ್, ಒಪ್ಪದಿದ್ದರೆ, ಕಲಿಸುವ ಶಿಕ್ಷಕರ ಕೈಗೆ ಬಲ ಕೊಡುವ ಪ್ರೊಜೆಕ್ಟರೇ ವಾಸಿ. ಜೂನ್‌ನಲ್ಲಿ ಹತ್ತು ಭಾಗಾಕಾರದ ಲೆಕ್ಕ ಕೊಡಿ, ನವೆಂಬರ್‌ನಲ್ಲಿ ಅಷ್ಟೇ ಕಠಿಣವಾದ ಹತ್ತು ಬೇರೆ ಲೆಕ್ಕ ಕೊಡಿ. ದಾನಿಗಳಿಗೆ ತೋರಿಸಬೇಕಾದದ್ದು ಉದ್ಘಾಟನೆಯ ಛಾಯಾಚಿತ್ರವಲ್ಲ, ಆ ಎರಡು ಉತ್ತರಪತ್ರಿಕೆಗಳು.