ಬೋನಸ್ ಬಂತು ಅಂತ ಸ್ವೀಟ್ ಯಾಕೆ?

ಆಫೀಸಲ್ಲಿ ಯಾರದ್ದೋ ಷೇರಿಗೆ 1:1 ಬೋನಸ್ ಬಂದ್ರೆ ಸಾಕು, ಸ್ವೀಟ್ ಹಂಚ್ತಾರೆ. ಸಿಕ್ಕಿದ್ದೇನು ಗುರು? 1,400 ರೂಪಾಯಿಯ ಒಂದು ಷೇರು 700ರ ಎರಡಾಯ್ತು, ಅಷ್ಟೇ. ನಮ್ಮೂರಲ್ಲಿ ಇದ್ದ ಹೊಲದ ಮಧ್ಯೆ ಬದು ಹಾಕಿ ಯಾರೂ ಹಬ್ಬ ಮಾಡಲ್ಲ. ಸ್ಪ್ಲಿಟ್‌ನಲ್ಲಿ ಮುಖಬೆಲೆಯನ್ನೇ ಒಡೀತಾರೆ. ಬೋನಸ್‌ನಲ್ಲಿ ಮುಖಬೆಲೆ ಹಾಗೇ ಇರುತ್ತೆ, ಮೀಸಲು ನಿಧಿಯ ದುಡ್ಡನ್ನ ಷೇರು ಬಂಡವಾಳದ ಖಾತೆಗೆ ಬರೆದುಕೊಳ್ತಾರೆ. ಎರಡರಲ್ಲೂ ಕಂಪನಿಯಿಂದ ಒಂದು ರೂಪಾಯಿ ನಮ್ಮ ಕೈಗೆ ಬರಲ್ಲ.

ಬೈಬ್ಯಾಕ್‌ನಲ್ಲಿ ಮಾತ್ರ ನಿಜವಾದ ದುಡ್ಡು ಹೊರಗೆ ಹೋಗುತ್ತೆ. 2017ರಲ್ಲಿ ಇನ್ಫೋಸಿಸ್ ತಲಾ 1,150ರಂತೆ 13,000 ಕೋಟಿ ಕೊಟ್ಟು ಸುಮಾರು 11.3 ಕೋಟಿ ಷೇರು ವಾಪಸ್ ತಗೊಂಡಿತ್ತು. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕೊಟ್ಟ ಬೆಲೆ ಸರಿಯಾ?

ಒಂದು ಕಂಪನಿಯ ನಿಜವಾದ ಮೌಲ್ಯ 1,000 ರೂಪಾಯಿ, ಷೇರು 100 ಅಂದ್ಕೊಳ್ಳಿ. ತಲಾ 12ರಂತೆ 10 ಷೇರು ಕೊಂಡರೆ ಉಳಿದ 90 ಷೇರಿಗೆ 880 ರೂಪಾಯಿ, ಅಂದ್ರೆ ತಲಾ 9.78. ಮಾರಿ ಹೋದವನಿಗೆ ಲಾಭ, ನಂಬಿ ಕೂತವನಿಗೆ ನಷ್ಟ. 8ಕ್ಕೆ ಕೊಂಡಿದ್ರೆ ಅದೇ ಷೇರು 10.22 ಆಗ್ತಿತ್ತು. ಆದ್ರೆ ಷೇರು ಕಮ್ಮಿಯಾಗೋದ್ರಿಂದ ಸಾಮಾನ್ಯವಾಗಿ ಎರಡೂ ಸಲ ಇಪಿಎಸ್ ಏರುತ್ತೆ. ಪ್ರೆಸ್ ನೋಟಲ್ಲಿ ದಪ್ಪಕ್ಷರದಲ್ಲಿ ಬರೋದು ಅದೊಂದೇ.